ವೃತ್ತಾಕಾರದ ತೊಟ್ಟಿ: ಬುಡದಲ್ಲಿ ಹೂಪ್ ಟೆನ್ಷನ್ ಅಲ್ಲ, ಬಾಗುವಿಕೆ

ಪ್ರಶ್ನೆ: ತೊಟ್ಟಿಯ ವ್ಯಾಸ 10 ಮೀಟರ್, ನೀರಿನ ಆಳ 4 ಮೀಟರ್, ಗೋಡೆ 200 ಮಿ.ಮೀ. ಬುಡದಲ್ಲೇ ಒತ್ತಡ ಜಾಸ್ತಿ ಅಂತ ಅಲ್ಲಿಗೆ γHD/2 ಪ್ರಕಾರ, ಅಂದರೆ ನೀರಿನ ತೂಕ γ ಘನ ಮೀಟರಿಗೆ 10 ಕಿಲೋನ್ಯೂಟನ್, ಆಳ H, ವ್ಯಾಸ D ಎಂದಿಟ್ಟು, ಮೀಟರ್ ಎತ್ತರಕ್ಕೆ 200 ಕಿಲೋನ್ಯೂಟನ್ ಹೂಪ್ ಟೆನ್ಷನ್, ಅಂದರೆ ಗೋಡೆಯ ಸುತ್ತ ಬರುವ ಎಳೆತ, ಹಿಡಿದು ರಿಂಗ್ ಕಂಬಿ ಹಾಕಿದ್ದೇನೆ. ಸಾಕೇ?

ಉತ್ತರ: ಸಾಲದು. ಈ ತಪ್ಪು ಲೆಕ್ಕ ಎಷ್ಟು ಸಲ ತಿದ್ದಿದರೂ ಮತ್ತೆ ಬರುತ್ತದೆ. ಗೋಡೆ ಹೊರಕ್ಕೆ ಸರಿದರೆ ಮಾತ್ರ ಹೂಪ್ ಟೆನ್ಷನ್ ಹುಟ್ಟುತ್ತದೆ. ತಳದ ಸ್ಲ್ಯಾಬ್ ಗೋಡೆಯನ್ನು ಹಿಡಿದಿರುವುದರಿಂದ ಬುಡ ಸರಿಯುವುದೇ ಇಲ್ಲ. ಅಲ್ಲಿ ನೀರಿನ ತಳ್ಳುವಿಕೆಯನ್ನು ತಡೆಯುವುದು ಗೋಡೆಯ ಲಂಬ ಬಾಗುವಿಕೆ, ಅಂದರೆ ನಿಂತ ಕಂಬಿಗಳು. ಅವನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಬುಡದ ಬಾಗುವಿಕೆ ಮೇಲೆ ಹೋದಂತೆ ಎಷ್ಟು ಬೇಗ ಅಳಿಯುತ್ತದೆ ಎಂದು ಹೇಳುವ β = 1.3/√(rt) ಮೊದಲು ತೆಗೆಯಿರಿ. ತ್ರಿಜ್ಯ 5, ದಪ್ಪ 0.2 ಮೀಟರ್, ಹಾಗಾಗಿ β = 1.3. ಬುಡ ಪೂರ್ತಿ ಬಿಗಿಯಾಗಿದ್ದರೆ ಅಲ್ಲಿನ ಮೊಮೆಂಟ್:

```
M = γH/(2β²) × (1 − 1/(βH))
  = 40/3.38 × (1 − 1/5.2) ≈ 9.6 kNm/m
```

βH ಸುಮಾರು 3ಕ್ಕಿಂತ ಕಡಿಮೆಯಿರುವ ಗಿಡ್ಡ ತೊಟ್ಟಿಗೆ ಈ ಸೂತ್ರ ಬಳಸಬೇಡಿ. ಗೋಡೆಯನ್ನು ಬರೀ ಕ್ಯಾಂಟಿಲಿವರ್ ಎಂದು ಹಿಡಿದರೆ 107 ಬರುತ್ತದೆ. ಅದೂ ಅಷ್ಟೇ ತಪ್ಪು.

ಬಿಗಿ ಬುಡಕ್ಕೆ ಹೂಪ್ ಟೆನ್ಷನ್ ಗರಿಷ್ಠ 115 ಕಿಲೋನ್ಯೂಟನ್, ತಳದಿಂದ 1.6 ಮೀಟರ್ ಮೇಲೆ. ಆದರೆ ಮಣ್ಣಿನ ಮೇಲೆ ಕೂತ ಸ್ಲ್ಯಾಬ್ ಸ್ವಲ್ಪವಾದರೂ ತಿರುಗುತ್ತದೆ. ಬುಡ ಹಿಂಜ್ ಆದರೆ, ಅಂದರೆ ಸರಿಯದೆ ಸಲೀಸಾಗಿ ತಿರುಗುವಂತಾದರೆ, ಗರಿಷ್ಠ ಸುಮಾರು 140 ಆಗಿ, 1.2 ಮೀಟರ್ ಎತ್ತರಕ್ಕೆ ಇಳಿಯುತ್ತದೆ. ನಿಜವಾದ ಜೋಡಣೆ ಇವೆರಡರ ನಡುವೆ ಎಲ್ಲಿದೆಯೆಂದು ಊಹಿಸಲು ಹೋಗಬೇಡಿ. ರಿಂಗಿಗೆ 140, ನಿಂತ ಕಂಬಿಗೆ 9.6 ಹಿಡಿಯಿರಿ.

ರಿಂಗ್ ಕಂಬಿಯ ಒತ್ತಡವನ್ನು 130 N/mm² ಎಂದಿಟ್ಟರೆ ಮೀಟರಿಗೆ 1077 ಚದರ ಮಿ.ಮೀ. ಬೇಕು: ಎರಡೂ ಮುಖಗಳಲ್ಲಿ 10 ಮಿ.ಮೀ. ಕಂಬಿ, 140 ಮಿ.ಮೀ. ಅಂತರ. ಕೆಳ ಅರ್ಧದಲ್ಲಿ ಅದನ್ನು ಬುಡದವರೆಗೂ ಹಾಗೇ ಇಡಿ.

ತೊಟ್ಟಿ ತುಂಬಿದಾಗ ಬುಡದಲ್ಲಿ ಎಳೆತ ಬರುವುದು ನೀರಿನ ಕಡೆಯ ಮುಖಕ್ಕೆ. ಸ್ಲ್ಯಾಬಿನಿಂದ ಬರುವ ಡೋವೆಲ್ ಕಂಬಿಗಳನ್ನು ಹೊರಮುಖಕ್ಕೆ ಸರಿಸಿಟ್ಟರೆ ಲೆಕ್ಕವೆಲ್ಲ ವ್ಯರ್ಥ. ಬಿಗಿ ಬುಡದಲ್ಲಿ ಅರ್ಧ ಮೀಟರ್ ಮೇಲಕ್ಕೆ ಹೋಗುವಷ್ಟರಲ್ಲಿ ಮೊಮೆಂಟ್ ತಿರುಗಿ, ಸುಮಾರು 1.1 ಮೀಟರ್ ಎತ್ತರದಲ್ಲಿ ಹೊರಮುಖದಲ್ಲಿ ಗರಿಷ್ಠ 2.5 ಆಗುತ್ತದೆ. ಹಾಗಾಗಿ ಅಲ್ಲೂ ನಿಂತ ಕಂಬಿ ಇರಬೇಕು. ತೊಟ್ಟಿ ಬರಿದಾದಾಗ ಒಳಗೆ ಬುಡದಲ್ಲಿ ಅಡ್ಡ ಬಿರುಕು ಕಂಡರೆ ಈ ಜೋಡಣೆಯನ್ನು ಅನುಮಾನಿಸಿ. ಒಂದೆರಡು ಮೀಟರ್ ಎತ್ತರದಲ್ಲಿ ನಿಂತ ಬಿರುಕು ಜಿನುಗಿದರೆ ರಿಂಗನ್ನು ನೋಡಿ.

ಪ್ರಶ್ನೆ: ಗೋಡೆ 300 ಮಿ.ಮೀ. ಮಾಡಿದರೆ ಬುಡದ ಮೊಮೆಂಟ್ ಇಳಿಯುತ್ತದೆಯೇ?

ಉತ್ತರ: ಇಲ್ಲ, ಏರುತ್ತದೆ, ಸುಮಾರು 13.5ಕ್ಕೆ. ದಪ್ಪ ಗೋಡೆ ಅದನ್ನು ತಾಳಬಲ್ಲದು, ಆದರೆ ಹಳೆಯ ಕಂಬಿ ಲೆಕ್ಕವನ್ನು ಹಾಗೇ ಉಳಿಸಿಕೊಳ್ಳಬೇಡಿ.

ಪ್ರಶ್ನೆ: ವಾಟರ್‌ಪ್ರೂಫ್ ಪೌಡರ್ ಬೆರೆಸಿದರೆ ರಿಂಗ್ ಕಂಬಿ ಕಡಿಮೆ ಮಾಡಬಹುದು ಅಂತಾರೆ, ಹೌದೇ?

ಉತ್ತರ: ಖಂಡಿತ ಬೇಡ. ಪೌಡರ್ ಎಳೆತ ತಡೆಯುವುದಿಲ್ಲ. ಹಾಗೆ ಹೇಳಿದವರಿಂದ ಕೆಲಸ ಮಾಡಿಸಬೇಡಿ.