ಸಹಿಗೆ ಮೊದಲು ಗ್ರಾಚ್ಯುಟಿ ಲೆಕ್ಕ

"ಮೈಸೂರಿನ ಕಾರ್ಖಾನೆಯಲ್ಲಿ 6 ವರ್ಷ 8 ತಿಂಗಳು ದುಡಿದೆ. ಮೂರು ತಿಂಗಳ ಸಂಬಳ ಕೊಡುತ್ತೇವೆ, ರಾಜೀನಾಮೆಗೆ ಸಹಿ ಹಾಕಿ ಎನ್ನುತ್ತಿದ್ದಾರೆ. ಹಾಕಲೇ?"

ಸರ್, ಆ ಮೊತ್ತದೊಳಗೆ ಗ್ರಾಚ್ಯುಟಿಯನ್ನೂ ಸೇರಿಸಿದ್ದಾರೆಯೇ ಎಂದು ಲಿಖಿತವಾಗಿ ತಿಳಿಯುವವರೆಗೆ ಸಹಿ ಹಾಕಬೇಡಿ. ಐದು ವರ್ಷ ಪೂರೈಸಿದವರಿಗೆ ಅದು ಪ್ರತ್ಯೇಕ ಹಕ್ಕು. ಕೊನೆಯ ಎಂಟು ತಿಂಗಳೂ ಪೂರ್ಣ ವರ್ಷವೆಂದೇ ಗಣನೆಯಾಗುವುದರಿಂದ ನಿಮ್ಮದು 7 ವರ್ಷ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಎಂದುಕೊಂಡರೆ, ತಿಂಗಳ ಕೆಲಸದ ದಿನಗಳೆಂದು 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದ ವೇತನದಂತೆ 15ರಿಂದ ಗುಣಿಸಿದಾಗ ವರ್ಷಕ್ಕೆ 15,000, ಒಟ್ಟು 1,05,000 ಆಗುತ್ತದೆ. ರಾಜೀನಾಮೆ ಎಂದು ಬರೆದುಕೊಟ್ಟರೆ, ಅವರೇ ತೆಗೆದರೆಂದು ಪರಿಹಾರ ಕೇಳುವ ದಾರಿಯೂ ಕಿರಿದಾಗುತ್ತದೆ.

ಗ್ರಾಚ್ಯುಟಿ ಹಣ ತಡವಾಗಬಹುದು, ಆದ್ದರಿಂದ ಮನೆಯ ಬಜೆಟ್ಟಿಗೆ ಸೇರಿಸಬೇಡಿ. ಕೈಯಲ್ಲಿರುವುದನ್ನು ಮಾತ್ರ ಬಾಡಿಗೆ, ಕಂತು, ಶಾಲಾ ಶುಲ್ಕಕ್ಕೆಂದು ಆರು ತಿಂಗಳಿಗೆ ಹಂಚಿ. ಕಚೇರಿಯ ಇಮೇಲ್ ಮುಚ್ಚುವ ಮೊದಲೇ ಸಂಬಳದ ಚೀಟಿಗಳನ್ನು ಇಳಿಸಿಕೊಂಡು, ಮೊದಲ ವಾರದಲ್ಲೇ ಹೆಬ್ಬಾಳ, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳಿಗೆ ಸೇರಿರುವ ಹಳೆಯ ಸಹೋದ್ಯೋಗಿಗಳಿಗೆ ಹೊಸ ಕೆಲಸದ ವಿಚಾರವಾಗಿ ಫೋನ್ ಮಾಡಿ.