ಸಾಲದ ಕಾರ್ಡಿನಲ್ಲಿ 24% ಇದ್ದರೆ ನಿಜವಾದ ಬಡ್ಡಿ ಎಷ್ಟು?

ಶಿರಸಿಯ ಸಂಘದಲ್ಲಿ ಅಮ್ಮ ₹30,000 ಸಾಲ ತೆಗೆದಿದ್ದಾರೆ. ವಾರಕ್ಕೆ ₹650ರಂತೆ 52 ಕಂತು. ಕೈಗೆ ಬಂದದ್ದು ₹29,100. ಬಡ್ಡಿ ಎಷ್ಟು ಬಿತ್ತು?

ಉತ್ತರ: ವರ್ಷಕ್ಕೆ ಸುಮಾರು 30%. ಒಟ್ಟು ಕಟ್ಟುವ ₹33,800ರಲ್ಲಿ ಬಡ್ಡಿ ₹3,800 ಮಾತ್ರವಾದ್ದರಿಂದ 12.7% ಎಂದು ತೋರುತ್ತದೆ; ಆದರೆ ಅಸಲು ವಾರವಾರ ಕರಗುವುದರಿಂದ ಆ ಲೆಕ್ಕ ಮೋಸದ್ದು. ಕಾರ್ಡಿನ ಮೊದಲ ಸಾಲಿನಲ್ಲಿ ಬಡ್ಡಿ ಸುಮಾರು ₹138, ಅಸಲು ₹512 ಇದ್ದು, ಮುಂದಿನ ಸಾಲುಗಳಲ್ಲಿ ಬಡ್ಡಿ ಇಳಿಯುತ್ತಾ ಹೋದರೆ 24% ಎಂಬುದು ಸರಿಯೇ. ಬಡ್ಡಿ ಎಲ್ಲ ವಾರವೂ ಒಂದೇ ಇದ್ದರೆ ವಿವರಣೆ ಕೇಳಬೇಕು. ಮೊದಲೇ ಮುರಿದುಕೊಂಡ ₹900, ಅಂದರೆ ಪ್ರೊಸೆಸಿಂಗ್ ಶುಲ್ಕ ಹಾಗೂ ವಿಮೆಯ ಕಂತು, ದರವನ್ನು ಮೇಲೇರಿಸಿದೆ. ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ಹೀಗೆ ನೋಡಬಹುದು:

```
=RATE(52,-650,29100)*52
```

ಕಡಿತದ ವಿವರ ಕಾರ್ಡಿನ ಜೊತೆಗಿನ ಮಾಹಿತಿ ಪತ್ರದಲ್ಲಿ ಇರಬೇಕು. ಸಾಲದೊಂದಿಗೆ ಮಾರುವ ಬೇರೆ ಸೇವೆಗಳು, ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಸಾಲಗಾರರ ಒಪ್ಪಿಗೆಯಿದ್ದರೆ ಮಾತ್ರ.