26 ಸೆಕೆಂಡಿನ ಕನ್ನಡ, 20 ಸೆಕೆಂಡಿನ ದೃಶ್ಯ

"ಇಂಗ್ಲಿಷ್ ಸಾಕ್ಷ್ಯಚಿತ್ರಕ್ಕೆ ಬೆಂಗಳೂರಲ್ಲಿ ಕನ್ನಡ ನಿರೂಪಣೆ ಮಾಡ್ತಿದ್ದೀವಿ. 20 ಸೆಕೆಂಡಿನ ದೃಶ್ಯಕ್ಕೆ ಓದು 26 ಸೆಕೆಂಡ್ ಬರ್ತಿದೆ. ಆಡಿಯೋ ಸ್ಪೀಡ್ ಮಾಡಬಹುದಾ?"

ಬೇಡ. 1.3 ಪಟ್ಟು ವೇಗಕ್ಕೆ ಒತ್ತಕ್ಷರಗಳೆಲ್ಲ ನುಂಗಿಹೋಗಿ, ಜಾಹೀರಾತಿನ ಕೊನೆಯ ಷರತ್ತು ಓದಿದ ಹಾಗೆ ಕೇಳುತ್ತದೆ. ಕತ್ತರಿ ಸ್ಕ್ರಿಪ್ಟಿಗೇ ಹಾಕಿ. ದೃಶ್ಯದ ಎರಡೂ ತುದಿಗೆ ಅರ್ಧ ಸೆಕೆಂಡ್ ಮೌನ ಬಿಟ್ಟರೆ ಉಳಿಯುವುದು 19. ಅಂದರೆ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತು ಹೋಗಬೇಕು.

ಮೊದಲು ಕಣ್ಣಿಗೆ ಕಾಣುವುದನ್ನು ತೆಗೆಯಿರಿ. "ಈ ದೊಡ್ಡ ಆನೆಯು ನೀರು ಕುಡಿಯುವ ಸಲುವಾಗಿ ಕೆರೆಯತ್ತ ಬರುತ್ತಿದೆ, ಏಕೆಂದರೆ ಬೇಸಿಗೆಯಲ್ಲಿ ಬೇರೆಲ್ಲೂ ನೀರಿರುವುದಿಲ್ಲ" ಎಂಬುದಕ್ಕೆ "ಬೇಸಿಗೆಯಲ್ಲಿ ನೀರಿರುವುದು ಇಲ್ಲಿ ಮಾತ್ರ" ಸಾಕು. ಆದರೆ "ಇಲ್ಲಿ" ಅನ್ನುವಾಗ ಪರದೆಯ ಮೇಲೆ ಕೆರೆಯೇ ಇರಬೇಕು. ಅಂಥ ಪದಗಳ ಪಕ್ಕ ಟೈಮ್‌ಕೋಡ್ ಬರೆದಿಟ್ಟು, ಚಿತ್ರ ನೋಡುತ್ತಲೇ ರೆಕಾರ್ಡ್ ಮಾಡಿ. ಆಮೇಲೂ ಅರ್ಧ ಸೆಕೆಂಡ್ ಮಿಕ್ಕರೆ ವಾಕ್ಯಗಳ ನಡುವಿನ ಉಸಿರು, ಮೌನ ಕತ್ತರಿಸಿದರಾಯಿತು.